ಹದಿನಾಲ್ಕು ನಡೀತಿದೆಯೋ, ತುಂಬಿದೆಯೋ? ಹೊಲದ ಕೆಲಸಕ್ಕೆ ಬರುವ ಮಕ್ಕಳ ವಯಸ್ಸಿನ ಲೆಕ್ಕ



ಈ ವಾರ ಗೊಬ್ಬರ, ರೋಗ, ರೇಟು ಯಾವುದೂ ಇಲ್ಲ. ದಸರಾ ರಜೆ, ಬೇಸಿಗೆ ರಜೆ ಬಂದರೆ ನಮ್ಮ ಹೊಲಗಳಿಗೆ ಬರುವ ಹುಡುಗ ಹುಡುಗಿಯರ ವಿಷಯ. ಯಾವ ವಯಸ್ಸಿನವರನ್ನು ಕೆಲಸಕ್ಕೆ ಕರೀಬಹುದು, ಕರೆದರೆ ಯಾವ ಕೆಲಸ ಕೊಡಬಹುದು, ಎಷ್ಟು ಹೊತ್ತು? ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡ್ತೀನಿ.

ನಾನು ರಾಣೆಬೆನ್ನೂರು ಕಡೆಯವನು. ನಮ್ಮ ಸುತ್ತಮುತ್ತ ಹೈಬ್ರಿಡ್ ತರಕಾರಿ ಬೀಜ ಮಾಡೋರು ಬಹಳ ಜನ. ನನ್ನದು ಅರ್ಧ ಎಕರೆ ನೆಟ್ ಹೌಸ್‌ನಲ್ಲಿ ಟೊಮ್ಯಾಟೊ ಬೀಜ. ಕ್ರಾಸಿಂಗ್ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಚಿಮಟದಿಂದ ಬಿಡಿಸಿ ಒಳಗಿನ ಗಂಡು ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಗಂಡು ಸಾಲಿನಿಂದ ತಂದ ಪರಾಗ ಮುಟ್ಟಿಸಬೇಕು. ಹೀಗೆ ಐದಾರು ವಾರ, ದಿನಾ ಎರಡು ಹೊತ್ತು. ಬೆರಳು ಸಣ್ಣ ಇದ್ದಷ್ಟೂ ಕೆಲಸ ನಾಜೂಕು ಅನ್ನೋ ಮಾತು ನಮ್ಮ ಕಡೆ ಇದೆ. ಮಕ್ಕಳು ಈ ಕೆಲಸಕ್ಕೆ ಬರೋಕೆ ಆ ಮಾತೇ ದಾರಿ ಮಾಡಿಕೊಟ್ಟಿದೆ.

ಎರಡು ವರ್ಷದ ಹಿಂದೆ ನನ್ನ ಪ್ಲಾಟಿಗೆ ಬರುತ್ತಿದ್ದ ಒಬ್ಬ ಅಕ್ಕ ತನ್ನ ಮಗಳನ್ನೂ ಜೊತೆಗೆ ಕರೆದುಕೊಂಡು ಬಂದಳು. "ತಮ್ಮಾ, ಮನ್ಯಾಗ ಯಾರೂ ಇಲ್ಲ, ನನ್ನ ಜೋಡಿ ಕುಂತಿರ್ತಾಳ. ಆಕಿಗೆ ಕೂಲಿ ಬ್ಯಾಡ" ಅಂದಳು. ವಯಸ್ಸು ಕೇಳಿದೆ. "ಹದಿನಾಲ್ಕು ನಡ್ಯಾಕತ್ತೈತಿ" ಅಂದಳು. ಹದಿನಾಲ್ಕು ಅಂದರೆ ಸರಿ ಅಂದುಕೊಂಡು ನಾನೂ ಹೂಂ ಅಂದೆ.

ನಾಲ್ಕನೇ ದಿನಕ್ಕೆ ಹುಡುಗಿ ಕೈಯಲ್ಲಿ ಚಿಮಟ ಇತ್ತು. ನಾನು ಹೂವಿನ ಲೆಕ್ಕದ ಮೇಲೆ ದುಡ್ಡು ಕೊಡುತ್ತಿದ್ದೆ. ಆ ಅಕ್ಕನ ಲೆಕ್ಕ ಒಂದೇ ವಾರದಲ್ಲಿ ಒಂದೂವರೆ ಪಟ್ಟು ಆಗಿತ್ತು. ಹೇಗೆ ಆಯಿತು ಅಂತ ನನಗೆ ಗೊತ್ತಿತ್ತು, ಕೇಳಲಿಲ್ಲ. ದಸರಾ ರಜೆ ಮುಗಿದರೂ ಹುಡುಗಿ ಬರುತ್ತಲೇ ಇದ್ದಳು.

ಒಂದು ದಿನ ಶಾಲೆಯ ಮಾಸ್ತರು ಹಾಜರಿ ಪುಸ್ತಕ ಹಿಡಿದುಕೊಂಡು ನೇರವಾಗಿ ನೆಟ್ ಹೌಸ್ ಬಾಗಿಲಿಗೇ ಬಂದರು. ಬೈಯಲಿಲ್ಲ. ಪುಸ್ತಕ ತೆರೆದು ಆ ಹುಡುಗಿ ಹೆಸರಿನ ಮುಂದಿನ ಸಾಲು ತೋರಿಸಿದರು. ರಜೆ ಮುಗಿದ ಮೇಲೆ ಹತ್ತೊಂಬತ್ತು ದಿನ ಗೈರು. ಪಕ್ಕದಲ್ಲೇ ಹುಟ್ಟಿದ ತಾರೀಖು ಇತ್ತು. ಹುಡುಗಿಗೆ ಆಗ ಹದಿಮೂರು ವರ್ಷ ಐದು ತಿಂಗಳು. ಅವತ್ತು ಸಂಜೆಯೇ ಅವಳು ಚಿಮಟ ಕೆಳಗಿಟ್ಟಳು. ಶಾಲೆಗೆ ವಾಪಸ್ ಹೋದಳು ಅನ್ನೋದು ಸಮಾಧಾನ. ಆದರೆ ಆ ವರ್ಷ ಗಣಿತದಲ್ಲಿ ಹಿಂದೆ ಬಿದ್ದಳು ಅಂತ ಅವಳ ತಾಯಿ ಇವತ್ತಿಗೂ ಹೇಳುತ್ತಾಳೆ. ಆಮೇಲೆ ನಾನು ಕಾನೂನು ಓದಿದೆ.

ಮೊದಲನೆಯ ಪಾಠ: ನಡೆಯೋದು ಬೇರೆ, ತುಂಬೋದು ಬೇರೆ

ನಮ್ಮ ಹಳ್ಳಿಗಳಲ್ಲಿ ವಯಸ್ಸನ್ನು 'ನಡೀತಿದೆ' ಅಂತ ಹೇಳೋದು ರೂಢಿ. ಹದಿನಾಲ್ಕು ನಡೀತಿದೆ ಅಂದರೆ ತುಂಬಿರೋದು ಹದಿಮೂರು. ಕಾನೂನು ಕೇಳೋದು ತುಂಬಿದ ವಯಸ್ಸನ್ನು. 2011ರ ಅಕ್ಟೋಬರ್ 20ಕ್ಕೆ ಹುಟ್ಟಿದ ಹುಡುಗನಿಗೆ 2025ರ ಅಕ್ಟೋಬರ್ 5ಕ್ಕೆ ಇನ್ನೂ ಹದಿಮೂರೇ. ಹದಿನೈದು ದಿನ ತಾನೇ ಅಂತ ಬಿಡೋ ಹಾಗಿಲ್ಲ.

ಇದಕ್ಕೆ ಇರೋ ಕಾನೂನು 1986ರದ್ದು. 2016ರಲ್ಲಿ ದೊಡ್ಡ ತಿದ್ದುಪಡಿ ಆಗಿ, ಅದರ ಹೆಸರೇ 'ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ' ಅಂತ ಬದಲಾಯಿತು. ಅದರಲ್ಲಿ ಎರಡು ಗುಂಪು. 14 ವರ್ಷ ತುಂಬದವರು ಮಕ್ಕಳು. 14 ತುಂಬಿ 18 ತುಂಬದವರು ಕಿಶೋರರು. ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಕಿಶೋರರನ್ನು ಅಪಾಯದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ, ಸಮಯದ ಮಿತಿಯೊಳಗೆ ಇಟ್ಟುಕೊಳ್ಳಬಹುದು.

'ಇದೆಲ್ಲಾ ಫ್ಯಾಕ್ಟರಿ, ಹೋಟೆಲಿಗೆ, ಹೊಲಕ್ಕೆ ಎಲ್ಲಿ?' ಅಂತ ನನಗೂ ಅನ್ನಿಸಿತ್ತು. ಕಾಯ್ದೆಯಲ್ಲಿ ಕೆಲಸದ ಜಾಗ ಅಂದರೆ ಯಾವುದು ಅಂತ ಬರೆದಿರುವ ಸಾಲಿನಲ್ಲಿ ಅಂಗಡಿ, ವರ್ಕ್‌ಶಾಪ್, ಹೋಟೆಲ್ ಜೊತೆಗೆ ಹೊಲದ ಹೆಸರೂ ಇದೆ. ನನ್ನ ನೆಟ್ ಹೌಸ್ ಅದರೊಳಗೇ ಬರುತ್ತೆ.

14 ತುಂಬದವರು: 'ಮನೆ ಕೆಲಸ' ಅನ್ನೋ ಮಾತಿನ ಅಳತೆ

ಮಕ್ಕಳಿಗೆ ಕಾನೂನು ಕೊಡೋ ವಿನಾಯಿತಿಯಲ್ಲಿ ನಮಗೆ ಸಂಬಂಧಪಟ್ಟದ್ದು ಒಂದೇ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತಮ್ಮ ಮನೆಯವರಿಗೆ ಕೈಜೋಡಿಸೋದು. ಮನೆಯವರು ಅಂದರೆ ಯಾರು ಅಂತಲೂ ಬರೆದಿದೆ. ತಾಯಿ, ತಂದೆ, ಅಣ್ಣತಮ್ಮ, ಅಕ್ಕತಂಗಿ, ತಂದೆಯ ಒಡಹುಟ್ಟಿದವರು, ತಾಯಿಯ ಒಡಹುಟ್ಟಿದವರು. ಅಂದರೆ ಕಾಕಾ, ಅತ್ತೆ, ಸೋದರಮಾವ, ಚಿಕ್ಕಮ್ಮ ಬರ್ತಾರೆ. ಊರಿನ ಸಂಬಂಧದಲ್ಲಿ ಕಾಕಾ ಅನ್ನಿಸಿಕೊಳ್ಳೋ ಪಕ್ಕದ ಹೊಲದವನು ಬರಲ್ಲ.

ನನ್ನ ತಪ್ಪು ಇಲ್ಲೇ ಇತ್ತು. ಆ ಹುಡುಗಿ ತಾಯಿ ಜೊತೆ ಕೂತು ಕೆಲಸ ಮಾಡಿದಳು, ಹಾಗಾಗಿ ಅದು ತಾಯಿಗೆ ನೆರವು ಅಂತ ನಾನು ಲೆಕ್ಕ ಹಾಕಿದ್ದೆ. ಆದರೆ ಪ್ಲಾಟ್ ತಾಯಿಯದಲ್ಲ, ನನ್ನದು. ಮಗು ನೆರವಾಗೋ ಜಾಗ ಅದರ ಮನೆಯವರ ಸ್ವಂತ ನಿರ್ವಹಣೆಯಲ್ಲೇ ಇರಬೇಕು. ತಾಯಿ ಕೂಲಿಗೆ ಬಂದ ಜಾಗದಲ್ಲಿ ಮಗು ಕೈ ಹಾಕಿದರೆ, ಅದು ನಾನು ಮಗುವನ್ನು ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಕೂಲಿ ಕೊಟ್ಟಿಲ್ಲ ಅನ್ನೋದು ಉತ್ತರ ಆಗಲ್ಲ.

ಹಾಗಾದರೆ ನನ್ನ ಅಣ್ಣನ ಮಗಳು? ಅವಳಿಗೆ ಹನ್ನೆರಡು ತುಂಬಿದೆ, ನಾನು ಅವಳ ಸ್ವಂತ ಕಾಕಾ. ಪ್ಲಾಟು ನಮ್ಮ ಮನೆಯದೇ. ಅವಳಿಗೆ ಚಿಮಟ ಕೊಡಬಹುದಾ? ಇದನ್ನು ನಾನು ಸುಲಭ ಅಂದುಕೊಂಡಿದ್ದೆ, ಆದರೆ ಉತ್ತರ ಇಲ್ಲ ಅಂತಲೇ.

2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ, ಮಗುವಿನ ನೆರವು ಹೇಗಿರಬೇಕು ಅಂತ ವಿವರವಾಗಿ ಹೇಳಿದೆ. ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೀನಿ. ಮಗುವಿಗೋ ಮನೆಯವರಿಗೋ ದುಡ್ಡು ತರುವ ಉತ್ಪಾದನೆಯ ಯಾವ ಹಂತದಲ್ಲೂ ಮಗುವಿನ ಕೆಲಸ ಸೇರಬಾರದು. ದೊಡ್ಡವರೊಬ್ಬರು ಮಾಡಬೇಕಾದ ಕೆಲಸಕ್ಕೆ ಮಗು ಬದಲಿ ಆಗಬಾರದು. ಶಾಲೆ ಹೊತ್ತಿನಲ್ಲಿ ಬೇಡ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಬೇಡ. ವಿಶ್ರಾಂತಿ ಬಿಟ್ಟು ದಿನಕ್ಕೆ ಮೂರು ಗಂಟೆ ಮೀರಬಾರದು, ಅದೂ ದಣಿಯೋ ಹಾಗೆ ಒಂದೇ ಸಮನೆ ಅಲ್ಲ.

ಬೀಜದ ಪ್ಲಾಟಿನಲ್ಲಿ ಒಂದೊಂದು ಹೂವೂ ದುಡ್ಡಿನ ಲೆಕ್ಕ. ಕ್ರಾಸಿಂಗ್ ಅಂದರೆ ಆದಾಯ ತರುವ ಉತ್ಪಾದನೆಯೇ. ಅವಳು ಕೂತರೆ ನಾನು ಒಬ್ಬ ಆಳು ಕಡಿಮೆ ಕರೀತೀನಿ, ಅಂದರೆ ಬದಲಿಯೂ ಆಯಿತು. ಎರಡೂ ಕಡೆಯಿಂದ ತಪ್ಪು.

ಹಾಗಂತ ಮಗು ಹೊಲಕ್ಕೇ ಬರಬಾರದು ಅಂತ ಅಲ್ಲ. ರಜೆಯಲ್ಲಿ ನಮ್ಮ ಹುಡುಗಿ ಬರ್ತಾಳೆ. ಹಿತ್ತಲಿನ ಮನೆಬಳಕೆಯ ಬದನೆ, ಮೆಣಸಿನ ಗಿಡಕ್ಕೆ ನೀರು ಹಾಕ್ತಾಳೆ, ಕರುವಿಗೆ ಹುಲ್ಲು ಹಾಕ್ತಾಳೆ, ಅಜ್ಜಿಗೆ ಮಜ್ಜಿಗೆ ತಂದುಕೊಡ್ತಾಳೆ. ಟೊಮ್ಯಾಟೊ ಹೂವು ಹೇಗಿರುತ್ತೆ ಅಂತ ನೋಡ್ತಾಳೆ, ಕೇಳ್ತಾಳೆ. ಕಲಿಯೋಕೆ ಯಾರೂ ಅಡ್ಡಿ ಮಾಡಿಲ್ಲ. ಅವಳ ಕೈಯನ್ನು ಲೆಕ್ಕದ ಆಳಿನ ಹಾಗೆ ಎಣಿಸೋದು ಮಾತ್ರ ಬೇಡ.

ಇನ್ನೊಂದು ಮಾತು ಮರೀಬೇಡಿ. ಟ್ರ್ಯಾಕ್ಟರ್, ಒಕ್ಕಣೆ ಯಂತ್ರ, ಕಟಾವು ಯಂತ್ರ ಬಳಸೋ ಕೃಷಿ ಕೆಲಸ, ಮೇವು ಕತ್ತರಿಸೋ ಕೆಲಸ, ವಿಷದ ಪದಾರ್ಥ ಮುಟ್ಟೋ ಕೆಲಸ, ಇವು 14 ತುಂಬದವರಿಗೆ ಸ್ವಂತ ಮನೆಯಲ್ಲೂ ನಿಷಿದ್ಧ. ಕರುವಿಗೆ ಹುಲ್ಲು ಹಾಕಲಿ, ಆದರೆ ಮೇವು ಕತ್ತರಿಸೋ ಮೆಷಿನ್ ಹತ್ತಿರ ಬಿಡಬೇಡಿ. ಆ ಮೆಷಿನ್ನಿನ ಬಾಯಿಗೆ ಮೇವು ಕೊಡೋ ಕೈ ಬ್ಲೇಡಿನಿಂದ ಎಷ್ಟು ದೂರ ಇರುತ್ತೆ ಅಂತ ಒಮ್ಮೆ ನಿಂತು ನೋಡಿ, ಯಾಕೆ ಅಂತ ಗೊತ್ತಾಗುತ್ತೆ.

14ರಿಂದ 18: ಕೆಲಸ ಉಂಟು, ಗಡಿಯಾರವೂ ಉಂಟು

ಈಗ ಕಿಶೋರರ ಲೆಕ್ಕ. ಹೋದ ಹಂಗಾಮಿನಲ್ಲಿ ಪಕ್ಕದ ಓಣಿಯ ಒಬ್ಬ ಹುಡುಗ ಬಂದ. ಹತ್ತನೇ ಕ್ಲಾಸು, ಹದಿನೈದು ವರ್ಷ ಏಳು ತಿಂಗಳು ತುಂಬಿತ್ತು. ಜನನ ಪ್ರಮಾಣಪತ್ರ ನೋಡಿದೆ. "ಅಣ್ಣಾ, ದಸರಾ ಸೂಟಿಯೊಳಗ ಕೆಲಸ ಕೊಡ್ರಿ, ಸೈಕಲ್ ತಗೋಬೇಕು" ಅಂದ. ಅವನಿಗೆ ಹೇಗೆ ಸಮಯ ಹಾಕಿದೆ ಅಂತ ಹೇಳ್ತೀನಿ, ಅದರಲ್ಲೇ ಕಾನೂನು ಪೂರಾ ಬರುತ್ತೆ.

ಕಿಶೋರರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕೆಲಸ ಮಾಡುವ ಹಾಗಿಲ್ಲ. ಒಂದೇ ಸಮ ಮೂರು ಗಂಟೆಗಿಂತ ಹೆಚ್ಚು ಇಲ್ಲ. ಮೂರು ಗಂಟೆ ಆದ ಮೇಲೆ ಕನಿಷ್ಠ ಒಂದು ಗಂಟೆ ವಿಶ್ರಾಂತಿ. ಕೆಲಸ, ವಿಶ್ರಾಂತಿ, ಕೆಲಸಕ್ಕೆ ಕಾಯುತ್ತಾ ಕೂತ ಹೊತ್ತು ಎಲ್ಲಾ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಓವರ್‌ಟೈಮ್ ಇಲ್ಲವೇ ಇಲ್ಲ. ವಾರಕ್ಕೆ ಒಂದು ಪೂರ್ತಿ ದಿನ ರಜೆ.

ಇದನ್ನು ಕ್ರಾಸಿಂಗ್ ಕೆಲಸಕ್ಕೆ ಹೊಂದಿಸಿ ನೋಡಿ. ಪರಾಗ ಮುಟ್ಟಿಸೋದು ಬೆಳಿಗ್ಗೆ 9ರಿಂದ 12. ಕೇಸರ ತೆಗೆಯೋದು ಮಧ್ಯಾಹ್ನ 3ರಿಂದ 6. ದೊಡ್ಡವರು ನಡುವೆ ಮನೆಗೆ ಹೋಗಿ ಊಟ ಮಾಡಿ ಬರ್ತಾರೆ. ಹುಡುಗನನ್ನು ಎರಡಕ್ಕೂ ಇಟ್ಟರೆ ಕೆಲಸ ಆರೇ ಗಂಟೆ ಅನ್ನಿಸುತ್ತೆ. ಆದರೆ ಬೆಳಿಗ್ಗೆ 9ರಿಂದ ಸಂಜೆ 6 ಅಂದರೆ ಒಟ್ಟು ಒಂಬತ್ತು ಗಂಟೆ. ಮಿತಿಗಿಂತ ಮೂರು ಗಂಟೆ ಜಾಸ್ತಿ. ನಮ್ಮ ಕಡೆ ಬಹಳ ಜನ ಜಾರೋದು ಇಲ್ಲೇ. ಕೈ ಓಡುವ ಗಂಟೆ ಮಾತ್ರ ಎಣಿಸ್ತಾರೆ, ನಡುವಿನ ಹೊತ್ತು ಎಣಿಸಲ್ಲ.

ಹಾಗಾಗಿ ಅವನಿಗೆ ಒಂದೇ ಹೊತ್ತು ಕೊಟ್ಟೆ. ಬೆಳಿಗ್ಗೆ 9ರಿಂದ 12 ಪರಾಗದ ಕೆಲಸ. 12ರಿಂದ 1 ಊಟ, ವಿಶ್ರಾಂತಿ. 1ರಿಂದ 3 ನೆರಳಿನಲ್ಲಿ ಕೂತು ಕಾಯಿ ಲೆಕ್ಕ ಬರೆಯೋದು, ಹಿಂದಿನ ಕೊಯ್ಲಿನ ಒಣಗಿದ ಬೀಜ ಆರಿಸೋದು. 3ಕ್ಕೆ ಮನೆಗೆ. ಒಟ್ಟು ಸರಿಯಾಗಿ ಆರು ಗಂಟೆ, ಕೆಲಸ ಐದು. ಮಧ್ಯಾಹ್ನದ ಕೇಸರ ತೆಗೆಯೋ ಕೆಲಸಕ್ಕೆ ದೊಡ್ಡವರನ್ನೇ ಕರೆದೆ. ಸೋಮವಾರ ಅವನಿಗೆ ಪೂರ್ತಿ ರಜೆ ಅಂತ ಮೊದಲೇ ಹೇಳಿಬಿಟ್ಟೆ.

ಶಾಲೆ ಶುರು ಆದ ಮೇಲೆ? "ಸಂಜೀಕ ಬರ್ತೀನ್ರಿ" ಅಂದ. ಶಾಲೆ ನಾಲ್ಕೂವರೆಗೆ ಬಿಡುತ್ತೆ. 5ರಿಂದ ಆರೂವರೆ ಕೇಸರ ತೆಗೆಯೋ ಕೆಲಸ ಕಾನೂನಿನ ಮಿತಿಯೊಳಗೇ ಇದೆ. ಆದರೆ ಎಸ್ಸೆಸ್ಸೆಲ್ಸಿ ವರ್ಷ. ಅವನ ಅಪ್ಪನ ಜೊತೆ ಕೂತು ಮಾತಾಡಿ, ವಾರಕ್ಕೆ ಎರಡೇ ಸಂಜೆ ಅಂತ ಇಟ್ಟುಕೊಂಡೆವು. ಇನ್ನೊಂದು ಪ್ರಶ್ನೆಯನ್ನೂ ಅವನಿಗೆ ಕೇಳಿದೆ, ನೀವೂ ಕೇಳಿ: ಇವತ್ತು ಬೇರೆ ಎಲ್ಲಾದರೂ ಕೆಲಸ ಮಾಡಿದ್ದೀಯಾ? ಒಂದೇ ದಿನ ಎರಡು ಕಡೆ ಕಿಶೋರರು ಕೆಲಸ ಮಾಡೋ ಹಾಗಿಲ್ಲ. ಬೆಳಿಗ್ಗೆ ಕಿರಾಣಿ ಅಂಗಡಿಯಲ್ಲಿ ಮೂಟೆ ಜೋಡಿಸಿ ಸಂಜೆ ನಿಮ್ಮ ಹೊಲಕ್ಕೆ ಬಂದರೆ, ನಿಮ್ಮ ಒಂದೂವರೆ ಗಂಟೆಯೂ ತಪ್ಪೇ.

ಯಾವ ಕೆಲಸ ಕೊಡಬಾರದು

ಕಿಶೋರರಿಗೆ ನಿಷಿದ್ಧವಾದ ಅಪಾಯದ ಕೆಲಸಗಳ ಪಟ್ಟಿ ಕಾಯ್ದೆಯ ಜೊತೆಗೇ ಇದೆ. ಗಣಿ, ಸ್ಫೋಟಕ ಮತ್ತು ಬೆಂಕಿ ಹತ್ತುವ ಪದಾರ್ಥ, ಅಪಾಯದ ಕೈಗಾರಿಕಾ ಪ್ರಕ್ರಿಯೆಗಳು ಅದರ ಬೆನ್ನೆಲುಬು. ಬಾವಿ ತೋಡುವಾಗ ಬಂಡೆ ಸಿಡಿಸೋ ಜಾಗಕ್ಕೆ, ಕಲ್ಲು ಕ್ವಾರಿಗೆ 18 ತುಂಬದವರನ್ನು ಕರೀಲೇಬಾರದು.

ಟ್ರ್ಯಾಕ್ಟರ್ ವಿಷಯಕ್ಕೆ ಮೋಟಾರು ವಾಹನ ಕಾಯ್ದೆಯೂ ಇದೆ. ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ 18 ತುಂಬದೆ ಸಿಗಲ್ಲ. 'ನಮ್ಮ ಹೊಲದಾಗ ತಾನೇ' ಅಂತೀವಿ, ಆದರೆ ಮನೆಯಿಂದ ಹೊಲಕ್ಕೆ ಹೋಗೋದು ರಸ್ತೆ ಮೇಲೆ. 2019ರ ತಿದ್ದುಪಡಿ ಪ್ರಕಾರ, 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಗಾಡಿ ಮಾಲೀಕನಿಗೋ ಪೋಷಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಇಲ್ಲ. ಹದಿನೇಳರ ಹುಡುಗ ಚೆನ್ನಾಗಿ ಟ್ರ್ಯಾಕ್ಟರ್ ಓಡಿಸ್ತಾನೆ ಅಂತ ಹೆಮ್ಮೆ ಪಡೋ ಮುಂಚೆ ಈ ಲೆಕ್ಕ ನೆನಪಿರಲಿ.

ಔಷಧಿ ಹೊಡೆಯೋದು ನನ್ನ ಹೊಲದಲ್ಲಿ 18 ತುಂಬಿದವರಿಗೆ ಮಾತ್ರ. ಇದು ನಾನು ಹಾಕಿಕೊಂಡ ನಿಯಮ. ಹದಿನಾರು ಲೀಟರ್ ಕ್ಯಾನು ತುಂಬಿದರೆ ಹೆಗಲ ಮೇಲೆ ಹತ್ತಿರ ಹತ್ತಿರ ಇಪ್ಪತ್ತು ಕೆಜಿ. ನೆಟ್ ಹೌಸ್ ಒಳಗೆ ಗಾಳಿ ಕಡಿಮೆ, ಔಷಧಿ ಅಲ್ಲೇ ತೇಲುತ್ತಾ ಇರುತ್ತೆ. ಹೊಡೆದ ದಿನ, ಮರುದಿನ ಹುಡುಗರಿಗೆ ಒಳಗೆ ಪ್ರವೇಶ ಇಲ್ಲ. ಬಾಟಲಿ ಲೇಬಲ್ ಮೇಲೆ ಕೆಂಪು ಅಥವಾ ಹಳದಿ ತ್ರಿಕೋನ ಇದ್ದರೆ ಇನ್ನೂ ಹೆಚ್ಚು ದಿನ ಬಿಡ್ತೀನಿ. ಖಾಲಿ ಬಾಟಲಿ ತೊಳೆಯೋಕೂ ಅವರನ್ನು ಹಚ್ಚಲ್ಲ.

ಬರೆದಿಡೋದು

ಕಿಶೋರರನ್ನು ಇಟ್ಟುಕೊಂಡವರು ಒಂದು ರಿಜಿಸ್ಟರ್ ಇಡಬೇಕು. ಹೆಸರು, ಹುಟ್ಟಿದ ತಾರೀಖು, ಕೆಲಸದ ಹೊತ್ತು, ವಿಶ್ರಾಂತಿಯ ಹೊತ್ತು, ಏನು ಕೆಲಸ ಅನ್ನೋದು ಅದರಲ್ಲಿ ಇರಬೇಕು. ಮೂವತ್ತು ದಿನದೊಳಗೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ಮಾಹಿತಿಯನ್ನೂ ಕೊಡಬೇಕು. ನಾನು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೀನಿ, ದಿನಾ ಸಂಜೆ ಹುಡುಗನ ಕೈಯಿಂದಲೇ ಹೊತ್ತು ಬರೆಸ್ತೀನಿ. ತಾನೇ ಬರೆದರೆ 3 ಗಂಟೆಗೆ ಎದ್ದು ಹೋಗೋಕೆ ಅವನಿಗೂ ಸಂಕೋಚ ಇರಲ್ಲ.

ವಯಸ್ಸಿಗೆ ಆಧಾರ್, ಜನನ ಪ್ರಮಾಣಪತ್ರ, ಶಾಲೆ ದಾಖಲೆ ನೋಡಿ, ಬಾಯಿಮಾತು ನಂಬಬೇಡಿ. ಶಾಲೆಗೆ ಸೇರಿಸುವಾಗ ನಮ್ಮ ಕಡೆ ಬಹಳ ಮಕ್ಕಳಿಗೆ ಜೂನ್ 1 ಅಂತ ಬರೆಸಿಬಿಟ್ಟಿರ್ತಾರೆ. ಜೂನ್ 1 ಕಂಡರೆ ಇನ್ನೊಂದು ದಾಖಲೆ ಕೇಳಿ. ಎರಡರಲ್ಲಿ ಬೇರೆ ಬೇರೆ ತಾರೀಖು ಇದ್ದು, ಒಂದರ ಪ್ರಕಾರ 14 ತುಂಬಿಲ್ಲ ಅಂದರೆ, ಅದು ತುಂಬೋವರೆಗೆ ಕಾಯಿರಿ.

ಮೊಬೈಲ್ ಇದೆಯಲ್ಲ, ಕ್ಯಾಲೆಂಡರಿನಲ್ಲಿ ಆ ಹುಡುಗನ 14ನೇ ಮತ್ತು 18ನೇ ಹುಟ್ಟುಹಬ್ಬದ ದಿನ ಹಾಕಿಡಿ. ಕೆಲಸದ ದಿನ ಎರಡು ಅಲಾರಂ: ಮೂರು ಗಂಟೆ ಮುಗಿದಾಗ ಒಂದು, ಆರನೇ ಗಂಟೆಗೆ ಒಂದು. ಅವರ ದಾಖಲೆಯ ಫೋಟೋ ಮಾತ್ರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ.

ತಪ್ಪಿದರೆ ಯಾರ ತಲೆಗೆ?

14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಂಡರೆ, ಅಥವಾ ಕಿಶೋರರನ್ನು ಅಪಾಯದ ಕೆಲಸಕ್ಕೆ ಹಚ್ಚಿದರೆ, ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಇದು. ತಂದೆತಾಯಿಗೆ ಮೊದಲ ಸಲ ಶಿಕ್ಷೆ ಇಲ್ಲ. 'ಅವರೇ ಕಳಿಸಿದ್ರು' ಅಂತ ಹೇಳಿ ಹೊಲದವನು ತಪ್ಪಿಸಿಕೊಳ್ಳೋಕೆ ಆಗಲ್ಲ, ಭಾರ ಅವನ ಮೇಲೇ.

ನಿಮ್ಮ ಹೊಲದಲ್ಲಿ ದಾರಿ ತಪ್ಪುತ್ತಿದೆಯಾ ಅಂತ ತಿಳಿಯೋಕೆ ನನ್ನ ಅನುಭವದ ಎರಡು ಗುರುತು ಹೇಳ್ತೀನಿ. ಒಬ್ಬ ಕೂಲಿಯವರ ಹೂವಿನ ಲೆಕ್ಕ, ಬುಟ್ಟಿ ಲೆಕ್ಕ ಇದ್ದಕ್ಕಿದ್ದ ಹಾಗೆ ಏರಿದರೆ, ಅವರ ಪಕ್ಕ ಇನ್ಯಾವುದೋ ಸಣ್ಣ ಕೈ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಹತ್ತು ಗಂಟೆಗೆ ಶಾಲೆ ಬ್ಯಾಗು ನೆಟ್ ಹೌಸ್ ಕಂಬಕ್ಕೆ ನೇತಾಡುತ್ತಿದ್ದರೆ, ಅವತ್ತು ಯಾರೋ ಶಾಲೆಗೆ ಹೋಗಿಲ್ಲ. ಎರಡೂ ಅವತ್ತು ನನ್ನ ಕಣ್ಣಿಗೆ ಬಿದ್ದಿದ್ದವು, ನಾನು ಸುಮ್ಮನಿದ್ದೆ.

ಆ ಅಕ್ಕ ಈಗಲೂ ನನ್ನ ಪ್ಲಾಟಿಗೆ ಬರ್ತಾಳೆ. ಮಗಳು ಒಬ್ಬಳೇ ಮನೆಯಲ್ಲಿ ಇರಬೇಕಾಗುತ್ತೆ ಅನ್ನೋದು ಅವಳ ನಿಜವಾದ ತೊಂದರೆ ಆಗಿತ್ತು. ಅದಕ್ಕೆ ಈಗ ರಜೆ ದಿನಗಳಲ್ಲಿ ಅವಳಿಗೆ ಬೆಳಗಿನ ಒಂದು ಹೊತ್ತಿನ ಕೆಲಸ ಮಾತ್ರ ಹಾಕಿ, ಮಧ್ಯಾಹ್ನಕ್ಕೆ ಮನೆಗೆ ಕಳಿಸ್ತೀನಿ. ಕಡಿಮೆ ಆಗೋ ದುಡ್ಡನ್ನು ಶಾಲೆ ಇರೋ ದಿನಗಳಲ್ಲಿ ಎರಡೂ ಹೊತ್ತಿನ ಕೆಲಸ ಕೊಟ್ಟು ಸರಿದೂಗಿಸ್ತೀವಿ. ಮಗಳಿಗೆ ಈ ವರ್ಷ ಹದಿನೈದು ತುಂಬಿದೆ. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬರ್ತೀನಿ ಅಂದಿದ್ದಾಳೆ. ಬರಲಿ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಒಂದು ಪುಟ ಇರುತ್ತೆ, ಕೂಲಿ ಅವಳ ಕೈಗೇ ಹೋಗುತ್ತೆ.

ನಿಮ್ಮ ಊರಲ್ಲಿ ಶಾಲೆ ಬಿಟ್ಟು ಕೆಲಸಕ್ಕೆ ಬಿದ್ದ ಮಗು ಕಂಡರೆ 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ. ಅದಕ್ಕೂ ಮುಂಚೆ ನಿಮ್ಮ ಸ್ವಂತ ಹೊಲದ ಕಂಬ ಒಮ್ಮೆ ನೋಡಿಕೊಳ್ಳಿ.

ಮುಂದಿನ ವಾರ ಸಿಗೋಣ.